ಚೌಕಜಾಲದ ಬಾಣಗಳಿಂದ ಗುಡ್ಡಸಾಲು

ಗ್ರೇಡಿಯಂಟ್ ನಾಯ್ಸ್ ಎಂಬುದು ನಕ್ಷೆಯ ಮೇಲಿನ ಯಾವುದೇ ಜಾಗದ ಎರಡು ನಿರ್ದೇಶಾಂಕಗಳನ್ನು ಕೊಟ್ಟರೆ ಅಲ್ಲಿಯ ಎತ್ತರವನ್ನು ಲೆಕ್ಕ ಹಾಕಿ ಹೇಳುವ ಒಂದು ಫಂಕ್ಷನ್. ಕಂಪ್ಯೂಟರ್ ಆಟಗಳಲ್ಲಿ, ಅನಿಮೇಷನ್ ಚಿತ್ರಗಳಲ್ಲಿ ಕಾಣುವ ಬೆಟ್ಟಗುಡ್ಡಗಳಲ್ಲಿ ಬಹಳಷ್ಟು ಇದರಿಂದಲೇ ಹುಟ್ಟಿದವು. ಅವುಗಳ ಏರಿಳಿತವನ್ನು ಯಾರೂ ಕೈಯಾರೆ ಬಿಡಿಸಿರುವುದಿಲ್ಲ. ಆಟಗಾರ ಒಂದು ದಿಕ್ಕಿಗೆ ನಡೆದುಹೋದಂತೆ ಮುಂದಿನ ನೆಲ ಆ ಹೊತ್ತಿಗೇ ಲೆಕ್ಕವಾಗಿ ಪರದೆಯ ಮೇಲೆ ಮೂಡುತ್ತದೆ. ಅವನು ತಿರುಗಿ ಬಂದರೆ, ಬಿಟ್ಟುಹೋಗಿದ್ದ ಗುಡ್ಡ ಅದೇ ಜಾಗದಲ್ಲಿ ಅದೇ ಎತ್ತರದಲ್ಲಿ ನಿಂತಿರಬೇಕು. ಅಂದರೆ ಫಂಕ್ಷನ್ ಕೊಡುವ ಎತ್ತರ ನೋಡಲು ಗೊತ್ತುಗುರಿಯಿಲ್ಲದಂತೆ ಇರಬೇಕು, ಆದರೆ ಒಂದೇ ಜಾಗಕ್ಕೆ ಪ್ರತಿ ಸಲವೂ ಒಂದೇ ಉತ್ತರ ಬರಬೇಕು. ಪಕ್ಕಪಕ್ಕದ ಜಾಗಗಳ ಎತ್ತರ ಒಂದರಿಂದ ಇನ್ನೊಂದಕ್ಕೆ ನಯವಾಗಿ ಸಾಗಬೇಕು. ಈ ಮೂರೂ ಒಟ್ಟಿಗೆ ಕೂಡಿಬರುವಂತೆ ಮಾಡುವುದರಲ್ಲೇ ಇದರ ಕುಶಲತೆಯೆಲ್ಲ ಇದೆ.

ಕಂಪ್ಯೂಟರಿನ ಪರದೆಯ ನೆಲ ಸಾಮಾನ್ಯವಾಗಿ ಸಮದೂರದಲ್ಲಿ ಹರಡಿದ ಬಿಂದುಗಳ ಬಲೆ. ಬಿಂದುವಿಂದ ಬಿಂದುವಿಗೆ 8 ಮೀಟರ್ ದೂರ ಇದೆ ಎಂದುಕೊಳ್ಳೋಣ. ಪ್ರತಿ ಬಿಂದುವಿಗೂ 0ಯಿಂದ 200 ಮೀಟರ್ ಒಳಗಿನ ಒಂದು ಯಾದೃಚ್ಛಿಕ ಎತ್ತರ ಕೊಟ್ಟುಬಿಟ್ಟರೆ ಏನಾಗುತ್ತದೆ? 8 ಮೀಟರ್ ನಡೆಯುವಷ್ಟರಲ್ಲಿ ನೆಲ ಹತ್ತಾರು ಮೀಟರ್ ಜಿಗಿಯುತ್ತದೆ, ಮುಂದಿನ 8 ಮೀಟರಿನಲ್ಲಿ ಮತ್ತೆ ಕುಸಿಯುತ್ತದೆ. ಕಾಣುವುದು ಮುಳ್ಳಿನ ಹಾಸಿಗೆಯೇ ಹೊರತು ಗುಡ್ಡವಲ್ಲ. ಯಾದೃಚ್ಛಿಕ ಸಂಖ್ಯೆಗಳಿಗೆ ತಮ್ಮ ನೆರೆಹೊರೆಯ ಅರಿವಿಲ್ಲ. ನೆಲಕ್ಕೆ ಅದು ಇರಲೇಬೇಕು.

ಮೊದಲು ಹೊಳೆಯುವ ಪರಿಹಾರ ಸರಳವಾದದ್ದು. ಯಾದೃಚ್ಛಿಕ ಎತ್ತರಗಳನ್ನು ಅಷ್ಟು ಒತ್ತೊತ್ತಾಗಿ ಇಡದೆ, ದೂರದೂರದ ಗೆರೆಗಳ ಒಂದು ಚೌಕಜಾಲ ಎಳೆದು ಅದರ ಮೂಲೆಗಳಿಗೆ ಮಾತ್ರ ಕೊಡುವುದು. ನಡುವಿನ ಬಿಂದುಗಳ ಎತ್ತರವನ್ನು ನಾಲ್ಕು ಮೂಲೆಗಳ ಎತ್ತರದಿಂದ ಹದವಾಗಿ ಬೆರೆಸಿ ಪಡೆಯುವುದು. ಹೀಗೆ ಗೊತ್ತಿರುವ ಬೆಲೆಗಳ ನಡುವೆ ಗೊತ್ತಿಲ್ಲದ ಬೆಲೆಯನ್ನು ತುಂಬುವುದೇ ಇಂಟರ್‌ಪೊಲೇಷನ್. ಈ ಬಗೆಯ ನಾಯ್ಸ್‌ಗೆ ವ್ಯಾಲ್ಯೂ ನಾಯ್ಸ್ ಎಂದು ಹೆಸರು. ಮುಳ್ಳುಗಳು ಹೋಗಿ ನೆಲ ನಯವಾಗುತ್ತದೆ, ಆದರೆ ಹೊಸದೊಂದು ದೋಷ ಕಾಣಿಸಿಕೊಳ್ಳುತ್ತದೆ. ನಡುವಿನ ಬಿಂದುವಿನ ಎತ್ತರ ನಾಲ್ಕು ಮೂಲೆಗಳ ಸರಾಸರಿಯ ಜಾತಿಯದಾದ್ದರಿಂದ ಅದು ಅತಿ ಎತ್ತರದ ಮೂಲೆಯನ್ನು ಎಂದೂ ಮೀರಲಾರದು, ಅತಿ ತಗ್ಗಿನ ಮೂಲೆಗಿಂತ ಕೆಳಗೆ ಇಳಿಯಲಾರದು. ಹಾಗಾಗಿ ಎಲ್ಲ ಶಿಖರಗಳೂ ಎಲ್ಲ ಗುಂಡಿಗಳೂ ಗೆರೆಗಳು ಕೂಡುವ ಮೂಲೆಗಳಲ್ಲೇ ಬಂದು ಕೂರುತ್ತವೆ. ಮೇಲಿನಿಂದ ನೋಡಿದರೆ ನೆಲದ ಅಡಿಯ ಚೌಕಗಳು ಎದ್ದು ಕಾಣುತ್ತವೆ, ಮತ್ತು ಒಮ್ಮೆ ಕಣ್ಣಿಗೆ ಬಿದ್ದರೆ ಅವು ಮರೆಯಾಗುವುದೇ ಇಲ್ಲ.

ಇದಕ್ಕೆ ಸಿಕ್ಕ ಉತ್ತರ ಅಮೆರಿಕದ ಕೆನ್ ಪರ್ಲಿನ್ ಅವರದು. 1982ರಲ್ಲಿ ಬಿಡುಗಡೆಯಾದ ‘ಟ್ರಾನ್’ ಚಿತ್ರಕ್ಕೆ ಕಂಪ್ಯೂಟರ್ ದೃಶ್ಯಗಳನ್ನು ತಯಾರಿಸಿದ ಸಂಸ್ಥೆಗಳಲ್ಲಿ ಒಂದರಲ್ಲಿ ಅವರು ಕೆಲಸ ಮಾಡುತ್ತಿದ್ದರು. ಆ ಕಾಲದ ಕಂಪ್ಯೂಟರ್ ಚಿತ್ರಗಳಲ್ಲಿ ಎಲ್ಲ ಮೇಲ್ಮೈಗಳೂ ಉಜ್ಜಿ ತೊಳೆದಷ್ಟು ನುಣ್ಣಗೆ, ಯಂತ್ರದಲ್ಲಿ ಅಚ್ಚು ಹಾಕಿದಂತೆ ಇರುತ್ತಿದ್ದವು. ಕಲ್ಲು, ಮೋಡ, ಅಮೃತಶಿಲೆಗಳಿಗೆ ಇರುವ ಸಹಜ ಏರುಪೇರನ್ನು ಲೆಕ್ಕದಿಂದಲೇ ತರುವ ದಾರಿಯನ್ನು ಪರ್ಲಿನ್ ಹುಡುಕಿ, 1985ರಲ್ಲಿ ಸಿಗ್ರಾಫ್ ಸಮ್ಮೇಳನದ ಪ್ರಬಂಧದಲ್ಲಿ ಪ್ರಕಟಿಸಿದರು. ಅದಕ್ಕಾಗಿ 1997ರಲ್ಲಿ ಅವರಿಗೆ ಅಕಾಡೆಮಿಯ ತಾಂತ್ರಿಕ ಸಾಧನೆಯ ಪ್ರಶಸ್ತಿ ಬಂತು. ಗ್ರೇಡಿಯಂಟ್ ನಾಯ್ಸ್‌ನ ಈ ಮೂಲರೂಪವೇ ಇಂದು ಪರ್ಲಿನ್ ನಾಯ್ಸ್ ಎಂಬ ಹೆಸರಿನಿಂದ ಚಲಾವಣೆಯಲ್ಲಿದೆ.

ಪರ್ಲಿನ್ ಮಾಡಿದ ಬದಲಾವಣೆ ಕೇಳಲು ಚಿಕ್ಕದು. ಮೂಲೆಗಳಿಗೆ ಎತ್ತರವನ್ನು ಕೊಡುವ ಬದಲು ಅವರು ಇಳಿಜಾರನ್ನು ಕೊಟ್ಟರು. ಪ್ರತಿ ಮೂಲೆಯಲ್ಲೂ ಒಂದು ಘಟಕ ಉದ್ದದ ಬಾಣ ಇರುತ್ತದೆ. ಅದು ಯಾವ ಕಡೆಗೆ ಮುಖ ಮಾಡಿದೆಯೋ ಆ ಕಡೆಗೆ ನೆಲ ಏರುತ್ತದೆ, ಬೆನ್ನಿನ ಕಡೆಗೆ ಇಳಿಯುತ್ತದೆ. ಈ ಬಾಣವೇ ಗ್ರೇಡಿಯಂಟ್. ಪ್ರತಿ ಮೂಲೆಯಲ್ಲೂ ಓರೆಯಾಗಿ ಇಟ್ಟ ಒಂದೊಂದು ಹಲಗೆಯನ್ನು ಊಹಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಹಲಗೆ ಮೂಲೆಯನ್ನು ಸರಿಯಾಗಿ ಸೊನ್ನೆ ಎತ್ತರದಲ್ಲಿ ಮುಟ್ಟುತ್ತದೆ. ಅಲ್ಲಿಂದ ಬಾಣದ ದಿಕ್ಕಿಗೆ ಮೇಲೇರುತ್ತ, ಹಿಂದಿನ ದಿಕ್ಕಿಗೆ ತಗ್ಗುತ್ತ ಹೋಗುತ್ತದೆ. ಚೌಕದೊಳಗಿನ ಯಾವುದೇ ಬಿಂದುವಿನ ಮೇಲೆ ನಾಲ್ಕು ಮೂಲೆಗಳ ನಾಲ್ಕು ಹಲಗೆಗಳೂ ಹಾದುಹೋಗುತ್ತವೆ, ನಾಲ್ಕೂ ಬೇರೆಬೇರೆ ಎತ್ತರ ಹೇಳುತ್ತವೆ. ಆ ನಾಲ್ಕನ್ನು ಬೆರೆಸಿದರೆ ಬರುವುದೇ ಆ ಬಿಂದುವಿನ ನಾಯ್ಸ್ ಬೆಲೆ. ಎಲ್ಲ ಮೂಲೆಗಳೂ ಸೊನ್ನೆಯಲ್ಲೇ ಇರುವುದರಿಂದ ಶಿಖರ ಮತ್ತು ಗುಂಡಿಗಳು ಚೌಕದ ಒಳಗೆಲ್ಲೋ, ಬಾಣಗಳು ಎದುರುಬದುರಾಗುವ ಕಡೆ ತಮ್ಮ ಜಾಗ ಕಂಡುಕೊಳ್ಳುತ್ತವೆ. ವ್ಯಾಲ್ಯೂ ನಾಯ್ಸ್‌ನಲ್ಲಿ ಮೂಲೆಗಳಿಗೆ ಅಂಟಿಕೊಂಡಿದ್ದ ಶಿಖರಗಳು ಹೀಗೆ ಬಿಡುಗಡೆ ಹೊಂದುತ್ತವೆ.

ಬಾಣಗಳ ದಿಕ್ಕು ಯಾದೃಚ್ಛಿಕವಾಗಿರಬೇಕು, ಆದರೆ ಮೂಲೆಗೆ ಮರಳಿ ಬಂದಾಗ ಅದೇ ಬಾಣ ಸಿಗಬೇಕು. ಕೊನೆಯಿಲ್ಲದ ನಕ್ಷೆಯ ಎಲ್ಲ ಬಾಣಗಳನ್ನೂ ಬರೆದಿಡುವುದು ಆಗದ ಮಾತು. ಪರ್ಲಿನ್ ಇದಕ್ಕೆ 0ಯಿಂದ 255ರವರೆಗಿನ ಸಂಖ್ಯೆಗಳನ್ನು ಕಲಸಿಟ್ಟ ಒಂದೇ ಒಂದು ಪಟ್ಟಿಯನ್ನು ಬಳಸಿದರು. ಮೂಲೆಯ ಅಡ್ಡ ಸಂಖ್ಯೆಯನ್ನು ಹಿಡಿದು ಪಟ್ಟಿಯಿಂದ ಒಂದು ಸಂಖ್ಯೆ ತೆಗೆಯುವುದು, ಅದಕ್ಕೆ ಮೂಲೆಯ ಉದ್ದ ಸಂಖ್ಯೆಯನ್ನು ಕೂಡಿಸಿ ಮತ್ತೊಮ್ಮೆ ಪಟ್ಟಿಯನ್ನು ನೋಡುವುದು; ಸಿಕ್ಕ ಸಂಖ್ಯೆ ಯಾವ ಬಾಣ ಎಂದು ಹೇಳುತ್ತದೆ. ಪಟ್ಟಿ ಬದಲಾಯಿಸಿದರೆ ಇಡೀ ಲೋಕವೇ ಬದಲಾಗುತ್ತದೆ. ಆಟಗಳಲ್ಲಿ ‘ಸೀಡ್’ ಎಂದು ಆಟಗಾರ ಕೊಡುವ ಸಂಖ್ಯೆಯಿಂದ ಹೊಸ ಲೋಕ ಹುಟ್ಟುವುದು ಇಂಥ ಕಲಸುವಿಕೆಯಿಂದಲೇ.

ಒಂದು ಬಿಂದುವಿನ ಎತ್ತರವನ್ನು ಕೈಲೆಕ್ಕದಲ್ಲೇ ತೆಗೆಯಬಹುದು. ಚೌಕದ ಬದಿ 1024 ಮೀಟರ್ ಇರಲಿ. ನೈಋತ್ಯ ಮೂಲೆಯಿಂದ ಪೂರ್ವಕ್ಕೆ 256 ಮೀಟರ್, ಉತ್ತರಕ್ಕೆ 512 ಮೀಟರ್ ಹೋದಾಗ ಸಿಗುವ ಬಿಂದುವನ್ನು ತೆಗೆದುಕೊಳ್ಳೋಣ. ಚೌಕದ ಬದಿಯನ್ನೇ ಒಂದು ಘಟಕವೆಂದು ಅಳೆದರೆ ಅದರ ಸ್ಥಾನ ಅಡ್ಡಲಾಗಿ 0.25, ಉದ್ದಕ್ಕೆ 0.5. ಪಟ್ಟಿಯಿಂದ ಬಂದ ಬಾಣಗಳು ಹೀಗಿವೆ ಎನ್ನೋಣ: ನೈಋತ್ಯ ಮೂಲೆಯದು ನೇರ ಪೂರ್ವಕ್ಕೆ, ಆಗ್ನೇಯದ್ದು ನೇರ ಉತ್ತರಕ್ಕೆ, ವಾಯವ್ಯದ್ದು ನೇರ ದಕ್ಷಿಣಕ್ಕೆ, ಈಶಾನ್ಯದ್ದು ಪೂರ್ವಕ್ಕೆ 0.6 ಮತ್ತು ಉತ್ತರಕ್ಕೆ 0.8 ಇರುವಂತೆ ಓರೆಯಾಗಿ.

ಹಲಗೆಯ ಎತ್ತರ ತಿಳಿಯಲು ಮೂಲೆಯಿಂದ ಬಿಂದುವಿಗಿರುವ ದೂರದ ಅಡ್ಡ ಭಾಗವನ್ನು ಬಾಣದ ಅಡ್ಡ ಭಾಗದಿಂದ, ಉದ್ದ ಭಾಗವನ್ನು ಉದ್ದ ಭಾಗದಿಂದ ಗುಣಿಸಿ ಕೂಡಿದರೆ ಸಾಕು. ಡಾಟ್ ಪ್ರಾಡಕ್ಟ್ ಎನ್ನುವುದು ಇದನ್ನೇ. ನೈಋತ್ಯದಿಂದ ಬಿಂದು ಪೂರ್ವಕ್ಕೆ 0.25 ದೂರದಲ್ಲಿದೆ, ಬಾಣವೂ ಪೂರ್ವಕ್ಕೇ ಇದೆ. ಆದ್ದರಿಂದ ಆ ಹಲಗೆ ಹೇಳುವುದು 0.25. ಆಗ್ನೇಯದ ಬಾಣ ಉತ್ತರಕ್ಕಿದೆ, ಬಿಂದು ಆ ಮೂಲೆಯಿಂದ ಉತ್ತರಕ್ಕೆ 0.5 ಇದೆ, ಉತ್ತರ 0.5. ವಾಯವ್ಯದ ಬಾಣ ದಕ್ಷಿಣಕ್ಕಿದ್ದು ಬಿಂದುವೂ ಅಲ್ಲಿಂದ ದಕ್ಷಿಣಕ್ಕೆ 0.5 ಇರುವುದರಿಂದ ಅದೂ 0.5. ಈಶಾನ್ಯ ಮೂಲೆಯಿಂದ ನೋಡಿದರೆ ಬಿಂದು ಪಶ್ಚಿಮಕ್ಕೆ 0.75, ದಕ್ಷಿಣಕ್ಕೆ 0.5 ದೂರದಲ್ಲಿದೆ, ಬಾಣದ ಬೆನ್ನ ಹಿಂದೆ, ಅಲ್ಲಿ −0.45 ಮತ್ತು −0.40 ಸೇರಿ −0.85 ಆಗುತ್ತದೆ.

ಇನ್ನು ಬೆರೆಸುವ ಕೆಲಸ. ಬಿಂದು ಅಡ್ಡಲಾಗಿ ಕಾಲು ದೂರದಲ್ಲಿರುವುದರಿಂದ ಪೂರ್ವದ ಮೂಲೆಗೆ ಕಾಲು ಭಾಗ, ಪಶ್ಚಿಮದ ಮೂಲೆಗೆ ಮುಕ್ಕಾಲು ಭಾಗ ತೂಕ ಕೊಡುವುದು ಸಹಜವೆನ್ನಿಸುತ್ತದೆ. ಹಾಗೆ ಮಾಡಿದರೆ ದಕ್ಷಿಣದ ಜೋಡಿಯಿಂದ 0.3125, ಉತ್ತರದ ಜೋಡಿಯಿಂದ 0.1625 ಬಂದು, ಎರಡರ ನಡುಮಧ್ಯ 0.2375 ಆಗುತ್ತದೆ. ಆದರೆ ಈ ನೇರ ಬೆರೆಸುವಿಕೆಯಲ್ಲಿ ಒಂದು ಕೊರತೆ ಇದೆ. ಒಂದು ಚೌಕ ದಾಟಿ ಮುಂದಿನ ಚೌಕಕ್ಕೆ ಕಾಲಿಟ್ಟ ಕೂಡಲೇ ಲೆಕ್ಕಕ್ಕೆ ಬರುವ ಮೂಲೆಗಳು ಬದಲಾಗುತ್ತವೆ. ಗಡಿಯಲ್ಲಿ ಎತ್ತರವೇನೋ ಕೂಡಿಕೊಳ್ಳುತ್ತದೆ, ಆದರೆ ಇಳಿಜಾರು ಥಟ್ಟನೆ ತಿರುಗುತ್ತದೆ. ನೆಲದ ಮೇಲೆ ಬಿಸಿಲು ಬಿದ್ದಂತೆ ತೋರಿಸಿದಾಗ ಚೌಕದ ಪ್ರತಿ ಗೆರೆಯುದ್ದಕ್ಕೂ ಮಡಿಕೆ ಹಾಕಿದ ಕಾಗದದಂಥ ಗುರುತು ಕಾಣುತ್ತದೆ.

ಆದ್ದರಿಂದ 0.25ನ್ನು ನೇರವಾಗಿ ತೂಕವಾಗಿ ಬಳಸದೆ ಮೊದಲು ಒಂದು ಎಸ್ ಆಕಾರದ ವಕ್ರರೇಖೆಯ ಮೂಲಕ ಹಾಯಿಸುತ್ತಾರೆ. 1985ರಲ್ಲಿ ಪರ್ಲಿನ್ ಬಳಸಿದ್ದು `3t² − 2t³`. ಇದು 0ಯಲ್ಲಿ ಹೊರಟು 1ರಲ್ಲಿ ನಿಲ್ಲುತ್ತದೆ, ಎರಡೂ ತುದಿಗಳಲ್ಲಿ ಚಪ್ಪಟೆಯಾಗಿರುತ್ತದೆ. ತುದಿ ಚಪ್ಪಟೆಯಾದಾಗ ಮೂಲೆಯ ಹತ್ತಿರ ಆ ಮೂಲೆಯ ಹಲಗೆಯೊಂದೇ ಆಳುತ್ತದೆ, ಇಳಿಜಾರು ಚೌಕದಿಂದ ಚೌಕಕ್ಕೆ ಮುರಿಯದೆ ದಾಟುತ್ತದೆ. ಆದರೂ ಇಳಿಜಾರು ಬದಲಾಗುವ ವೇಗ ಮಾತ್ರ ಗೆರೆಯ ಮೇಲೆ ಜಿಗಿಯುತ್ತಿತ್ತು: ಈ ವಕ್ರದ ಎರಡನೇ ಡಿರೈವೇಟಿವ್ ಆರಂಭದಲ್ಲಿ 6, ಕೊನೆಯಲ್ಲಿ −6. ಬೆಳಕು ನೆರಳನ್ನು ನೆಲದ ಇಳಿಜಾರಿನಿಂದಲೇ ಲೆಕ್ಕ ಹಾಕುವುದರಿಂದ ಈ ಜಿಗಿತವನ್ನೂ ಕಣ್ಣು ಹಿಡಿಯುತ್ತದೆ. 2002ರಲ್ಲಿ ಪರ್ಲಿನ್ ತಾವೇ ಇದನ್ನು ತಿದ್ದಿ `6t⁵ − 15t⁴ + 10t³` ಎಂಬ ವಕ್ರವನ್ನು ಸೂಚಿಸಿದರು. ಅದರ ಎರಡನೇ ಡಿರೈವೇಟಿವ್ ಕೂಡ ಎರಡೂ ತುದಿಗಳಲ್ಲಿ ಸೊನ್ನೆ. ಇಂದು ಬಹುತೇಕ ಕಡೆ ಬಳಕೆಯಲ್ಲಿರುವುದು ಇದೇ.

ಈ ಹೊಸ ವಕ್ರದ ಮೂಲಕ ಹಾಯ್ದ 0.25 ಸುಮಾರು 0.1035 ಆಗುತ್ತದೆ, 0.5 ಮಾತ್ರ 0.5 ಆಗಿಯೇ ಉಳಿಯುತ್ತದೆ. ಈಗ ದಕ್ಷಿಣದ ಜೋಡಿಯಿಂದ 0.276, ಉತ್ತರದ ಜೋಡಿಯಿಂದ 0.360 ಬರುತ್ತದೆ, ನಡುಮಧ್ಯ 0.318. ನಾಯ್ಸ್‌ನ ಒಂದು ಘಟಕಕ್ಕೆ 200 ಮೀಟರ್ ಎಂದು ನಿಗದಿ ಮಾಡಿದರೆ ಆ ಬಿಂದು ಸರಾಸರಿ ಮಟ್ಟಕ್ಕಿಂತ ಸುಮಾರು 64 ಮೀಟರ್ ಮೇಲಿದೆ. ನೇರ ಬೆರೆಸುವಿಕೆ ಅದನ್ನು 47.5 ಮೀಟರಿನಲ್ಲೇ ನಿಲ್ಲಿಸುತ್ತಿತ್ತು, ಏಕೆಂದರೆ ಅಲ್ಲಿ ದೂರದ ಈಶಾನ್ಯ ಮೂಲೆಯ −0.85 ಹೆಚ್ಚು ಜಗ್ಗುತ್ತಿತ್ತು.

ಇಷ್ಟೂ ಲೆಕ್ಕ ಪೈಥಾನ್ ಭಾಷೆಯಲ್ಲಿ ಹೀಗೆ ಕೂರುತ್ತದೆ. `P` ಎಂಬುದು ಕಲಸಿದ ಪಟ್ಟಿ, `G` ಎಂಬುದು ಎಂಟು ದಿಕ್ಕಿನ ಬಾಣಗಳ ಪಟ್ಟಿ.

```python
def corner(ix, iy, dx, dy):
    g = G[P[(P[ix & 255] + iy) & 255] & 7]
    return g[0]*dx + g[1]*dy

def fade(t):
    return t*t*t*(t*(t*6 - 15) + 10)

def noise(x, y):
    ix, iy = math.floor(x), math.floor(y)
    dx, dy = x - ix, y - iy
    u, v = fade(dx), fade(dy)
    s0 = corner(ix, iy, dx, dy)
    s1 = corner(ix+1, iy, dx-1, dy)
    n0 = corner(ix, iy+1, dx, dy-1)
    n1 = corner(ix+1, iy+1, dx-1, dy-1)
    s = s0 + u*(s1 - s0)
    n = n0 + u*(n1 - n0)
    return s + v*(n - s)
```

ಬಾಣಗಳು ಎಷ್ಟು ದಿಕ್ಕುಗಳವು ಎಂಬುದೂ ಮುಖ್ಯ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ನಾಲ್ಕನ್ನೇ ಇಟ್ಟುಕೊಂಡರೆ ಗುಡ್ಡಸಾಲುಗಳೆಲ್ಲ ಚೌಕಜಾಲದ ಗೆರೆಗಳಿಗೆ ಸಮಾನಾಂತರವಾಗಿ ಸಾಲುಗಟ್ಟುತ್ತವೆ. ಎಂಟು ಇದ್ದರೆ ದೋಷ ಬಹಳ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಚೌಕದ ಬದಲು ತ್ರಿಕೋನಗಳ ಜಾಲವನ್ನು ಬಳಸುವ ಸಿಂಪ್ಲೆಕ್ಸ್ ನಾಯ್ಸ್ ಎಂಬ ಇನ್ನೊಂದು ವಿಧಾನವನ್ನು ಪರ್ಲಿನ್ ಮುಂದೆ ರೂಪಿಸಿದ್ದಕ್ಕೆ ಇದೂ ಒಂದು ಕಾರಣ.

ಇಲ್ಲಿಗೆ ಸಿಕ್ಕಿದ್ದು ನಯವಾದ ನೆಲ, ಆದರೆ ಅತಿಯಾಗಿ ನಯವಾದದ್ದು. 1024 ಮೀಟರಿನ ಚೌಕದಲ್ಲಿ ಒಂದೋ ಎರಡೋ ಉಬ್ಬುತಗ್ಗು. ಅದಕ್ಕಿಂತ ಚಿಕ್ಕದು ಏನೂ ಇಲ್ಲ. ನಿಜವಾದ ಗುಡ್ಡದ ಮೈಮೇಲೆ ದಿಣ್ಣೆಗಳಿವೆ, ದಿಣ್ಣೆಯ ಮೇಲೆ ಬಂಡೆಗಳಿವೆ, ಬಂಡೆಯ ಮೇಲೆ ಕೊರಕಲುಗಳಿವೆ. ಈ ಎಲ್ಲ ಅಳತೆಗಳನ್ನು ತರಲು ಅದೇ ಫಂಕ್ಷನ್ನನ್ನು ಮತ್ತೆ ಮತ್ತೆ, ಪ್ರತಿ ಸಲ ಚೌಕವನ್ನು ಅರ್ಧಕ್ಕಿಳಿಸಿ, ಎತ್ತರವನ್ನೂ ಅರ್ಧಕ್ಕಿಳಿಸಿ ಒಂದರ ಮೇಲೊಂದು ಕೂಡಿಸುತ್ತಾರೆ. ಒಂದೊಂದು ಪದರಕ್ಕೂ ಆಕ್ಟೇವ್ ಎಂದು ಹೆಸರು. ಮೊದಲ ಪದರದ ಚೌಕ 1024 ಮೀಟರ್, ಎತ್ತರ 200 ಮೀಟರ್. ಎರಡನೆಯದು 512 ಮತ್ತು 100, ಮೂರನೆಯದು 256 ಮತ್ತು 50. ಹೀಗೆ ಇಳಿಯುತ್ತ ಆರನೆಯದು 32 ಮೀಟರಿನ ಚೌಕ, 6.25 ಮೀಟರ್ ಎತ್ತರ. ಮೊದಲ ಪದರ ಗುಡ್ಡ ಎಲ್ಲಿ, ಕಣಿವೆ ಎಲ್ಲಿ ಎಂದು ತೀರ್ಮಾನಿಸುತ್ತದೆ. ಕೊನೆಯ ಪದರಗಳು ಕಾಲಿಗೆ ಸಿಗುವ ಒರಟುತನವನ್ನು ಮಾತ್ರ ಕೊಡುತ್ತವೆ.

ಪ್ರತಿ ಪದರದಲ್ಲೂ ಎತ್ತರ ಎಷ್ಟು ಪಟ್ಟು ತಗ್ಗಬೇಕು ಎಂಬ ಸಂಖ್ಯೆಗೆ ಗೇನ್ ಅಥವಾ ಪರ್ಸಿಸ್ಟೆನ್ಸ್ ಎನ್ನುತ್ತಾರೆ. ನೆಲದ ಸ್ವಭಾವವನ್ನು ನಿರ್ಧರಿಸುವ ಸಂಖ್ಯೆ ಇದೇ. ಬಹಳ ಜನ ಇದನ್ನು ಅಂದಾಜಿನಲ್ಲಿ ತಿರುಗಿಸಿ ನೋಡುತ್ತಾರೆ, ಆದರೆ ಇಳಿಜಾರಿನ ಲೆಕ್ಕ ಹಾಕಿದರೆ ಅದರ ಕೆಲಸ ತಾನಾಗಿಯೇ ತಿಳಿಯುತ್ತದೆ. ಒಂದು ಪದರ ಮೂಲೆಯ ಬಳಿ ಕೊಡುವ ಇಳಿಜಾರು ಎಂದರೆ ಅದರ ಎತ್ತರವನ್ನು ಚೌಕದ ಬದಿಯಿಂದ ಭಾಗಿಸಿದಷ್ಟು. ಮೊದಲ ಪದರಕ್ಕೆ 200 ಭಾಗ 1024, ಅಂದರೆ ಸುಮಾರು 0.195, ಕೋನದಲ್ಲಿ 11 ಡಿಗ್ರಿ. ಆರನೆಯ ಪದರಕ್ಕೆ 6.25 ಭಾಗ 32, ಅದೂ 0.195. ಗೇನ್ 0.5 ಇದ್ದಾಗ ಚೌಕವೂ ಎತ್ತರವೂ ಸಮನಾಗಿ ತಗ್ಗುವುದರಿಂದ ದೊಡ್ಡ ಪದರ, ಸಣ್ಣ ಪದರ ಎಂಬ ಭೇದವಿಲ್ಲದೆ ಎಲ್ಲವೂ ನೆಲಕ್ಕೆ ಒಂದೇ ಪ್ರಮಾಣದ ಇಳಿಜಾರನ್ನು ಸೇರಿಸುತ್ತವೆ. ಗೇನನ್ನು 0.6ಕ್ಕೆ ಏರಿಸಿದರೆ ಆರನೆಯ ಪದರದ ಎತ್ತರ ಸುಮಾರು 15.6 ಮೀಟರ್ ಆಗಿ, 32 ಮೀಟರಿನ ಚೌಕದಲ್ಲಿ ಅದೊಂದೇ 26 ಡಿಗ್ರಿಯ ಇಳಿಜಾರು ತರುತ್ತದೆ. ನೆಲ ಕಲ್ಲುಗುಡ್ಡೆಯಂತೆ ಹರುಕುಮುರುಕಾಗುತ್ತದೆ, ನಡೆಯುವ ಪಾತ್ರ ಹೆಜ್ಜೆಹೆಜ್ಜೆಗೂ ಎಡವುತ್ತದೆ. 0.35ಕ್ಕೆ ಇಳಿಸಿದರೆ ಅದೇ ಪದರದ ಪಾಲು 2 ಡಿಗ್ರಿಯ ಆಸುಪಾಸು. ಹುಲ್ಲುಗಾವಲಿನ ಮೆತ್ತನೆಯ ದಿಣ್ಣೆಗಳು ಬೇಕಾದವರಿಗೆ ಅದು ಒಪ್ಪುತ್ತದೆ.

ಪದರ ಕೂಡಿಸುವಾಗ ಒಂದು ದೋಷ ಸದ್ದಿಲ್ಲದೆ ನುಸುಳುತ್ತದೆ. ಗ್ರೇಡಿಯಂಟ್ ನಾಯ್ಸ್ ಎಲ್ಲ ಮೂಲೆಗಳಲ್ಲೂ ಸೊನ್ನೆ. ಚೌಕವನ್ನು ಸರಿಯಾಗಿ ಅರ್ಧರ್ಧ ಮಾಡುತ್ತ ಹೋದರೆ ದೊಡ್ಡ ಚೌಕದ ಮೂಲೆಗಳು ಎಲ್ಲ ಸಣ್ಣ ಚೌಕಗಳಿಗೂ ಮೂಲೆಗಳೇ ಆಗುತ್ತವೆ. ಹಿಂದೆ ಲೆಕ್ಕ ಹಾಕಿದ ಬಿಂದುವನ್ನೇ ನೋಡಿದರೆ ಇದರ ಪರಿಣಾಮ ತಿಳಿಯುತ್ತದೆ. 256 ಮತ್ತು 512 ಮೀಟರಿನ ಆ ಬಿಂದು ಮೂರನೆಯ ಪದರದ 256 ಮೀಟರಿನ ಜಾಲದಲ್ಲಿ ಸರಿಯಾಗಿ ಒಂದು ಮೂಲೆಯ ಮೇಲೆ ಕೂರುತ್ತದೆ. ಹಾಗಾಗಿ ಮೂರನೆಯ ಪದರದಿಂದ ಅದಕ್ಕೆ ಬರುವುದು ಸೊನ್ನೆ, ನಾಲ್ಕು, ಐದು, ಆರನೆಯ ಪದರಗಳಿಂದಲೂ ಸೊನ್ನೆ. ಇಡೀ ನಕ್ಷೆಯಲ್ಲಿ 1024 ಮೀಟರಿಗೊಮ್ಮೆ ಎಲ್ಲ ಪದರಗಳೂ ಒಟ್ಟಿಗೆ ಸೊನ್ನೆಯಾಗುವ ಬಿಂದುಗಳು ಬರುತ್ತವೆ, ಸಮುದ್ರಮಟ್ಟ ಸೊನ್ನೆಯಲ್ಲಿದ್ದರೆ ದಡವೆಲ್ಲ ಆ ಬಿಂದುಗಳನ್ನು ಹಾದೇ ಸಾಗುತ್ತದೆ. ಪರಿಹಾರ ಸುಲಭ: ಪ್ರತಿ ಪದರದ ಜಾಲವನ್ನು ಬೇರೆಬೇರೆ ಯಾದೃಚ್ಛಿಕ ದೂರಕ್ಕೆ ಸರಿಸಿಬಿಡುವುದು. ಕೆಳಗಿನ `off` ಪಟ್ಟಿ ಮಾಡುವುದು ಅದನ್ನೇ.

```python
def height(x, y):
    total, amp, cell = 0.0, 200.0, 1024.0
    for k in range(6):
        total += amp * noise(x/cell + off[k][0],
                             y/cell + off[k][1])
        amp *= 0.5
        cell *= 0.5
    return total
```

ಇದೇ ಗುಣದಿಂದ ಹೊಸಬರು ಮೊದಲ ದಿನವೇ ಬೆಪ್ಪಾಗುವುದುಂಟು. `noise(3, 7)` ಎಂದು ಪೂರ್ಣಾಂಕಗಳನ್ನು ಕೊಟ್ಟು ಪರೀಕ್ಷಿಸಿದರೆ ಯಾವಾಗಲೂ ಸೊನ್ನೆಯೇ ಬರುತ್ತದೆ, ಇಡೀ ನಕ್ಷೆ ಒಂದೇ ಬಣ್ಣದ ಹಲಗೆಯಾಗಿ ಕಾಣುತ್ತದೆ. ತಪ್ಪು ಫಂಕ್ಷನ್ನಿನದಲ್ಲ, ಬಿಂದುವಿನ ಸಂಖ್ಯೆಯನ್ನು ಚೌಕದ ಬದಿಯಿಂದ ಭಾಗಿಸದೆ ನೇರವಾಗಿ ಕೊಟ್ಟದ್ದು ಮಾತ್ರ.

ಎಷ್ಟು ಪದರ ಸಾಕು ಎಂಬುದನ್ನು ನೆಲದ ಬಲೆಯೇ ನಿಶ್ಚಯಿಸುತ್ತದೆ. ಬಿಂದುಗಳು 8 ಮೀಟರಿಗೊಂದರಂತೆ ಇರುವಾಗ 32 ಮೀಟರಿನ ಚೌಕದ ಬದಿಯಲ್ಲಿ ನಾಲ್ಕು ಬಿಂದುಗಳ ಅಂತರ ಸಿಗುತ್ತದೆ, ಅದರ ವಕ್ರ ಒಂದು ಮಟ್ಟಿಗೆ ಕಾಣುತ್ತದೆ. 8 ಮೀಟರಿನ ಚೌಕದ ಪದರ ಸೇರಿಸಿದರೆ ಚೌಕಕ್ಕೊಂದೇ ಬಿಂದು. ಇಂಟರ್‌ಪೊಲೇಷನ್ನಿನ ನಯ ಅಲ್ಲಿ ಯಾರಿಗೂ ಕಾಣುವುದಿಲ್ಲ, ಮೊದಲಿನ ಮುಳ್ಳುಗಳೇ ಚಿಕ್ಕದಾಗಿ ಮರಳಿ ಬರುತ್ತವೆ. ಅತಿ ಚಿಕ್ಕ ಚೌಕದ ಬದಿಯಲ್ಲಿ ಎರಡು ಅಂತರಗಳಾದರೂ ಇರಬೇಕು, ನಾಲ್ಕಿದ್ದರೆ ಒಳ್ಳೆಯದು. ಪಟ್ಟಿಯ ಉದ್ದಕ್ಕೂ ಒಂದು ಮಿತಿ ಇದೆ. 256 ಚೌಕಗಳ ಆಚೆ ಅದೇ ಬಾಣಗಳು ಪುನಃ ಬರುತ್ತವೆ. 1024 ಮೀಟರಿನ ಪದರಕ್ಕೆ ಅದು 262 ಕಿಲೋಮೀಟರ್ ದೂರದ ಮಾತು. 32 ಮೀಟರಿನ ಪದರವಾದರೋ 8 ಕಿಲೋಮೀಟರಿಗೇ ತನ್ನನ್ನು ತಾನು ನಕಲು ಮಾಡುತ್ತದೆ. ದೊಡ್ಡ ಪದರಗಳು ಬೇರೆಯಾಗಿರುವುದರಿಂದ ಈ ನಕಲು ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ.

ನಕ್ಷೆಯ ಮೂಲಬಿಂದುವಿನ ಆಚೆ, ಋಣ ಸಂಖ್ಯೆಗಳ ಕಡೆ ಇನ್ನೊಂದು ಬಲೆ ಇದೆ. ಚೌಕದ ಸಂಖ್ಯೆ ತೆಗೆಯಲು ಭಿನ್ನರಾಶಿಯ ಭಾಗವನ್ನು ಕತ್ತರಿಸಿ ಹಾಕಿದರೆ −0.3 ಎಂಬುದು 0 ಆಗಿಬಿಡುತ್ತದೆ, ಆಗಬೇಕಾದ್ದು −1. ಕೆಳಗಿನ ಪೂರ್ಣಾಂಕಕ್ಕೆ ಇಳಿಸುವ `floor` ಬಳಸದಿದ್ದರೆ ಚೌಕದೊಳಗಿನ ಸ್ಥಾನವೇ ಋಣವಾಗಿ, ಆ ಕಡೆಯ ಚೌಕಗಳ ಗೆರೆಗಳುದ್ದಕ್ಕೂ ನೆಲ ಒಡೆದು ಕಾಣುತ್ತದೆ. ಎಸ್ ವಕ್ರ ನಂಬಿಕೆಗೆ ಅರ್ಹವಾಗಿರುವುದು 0ಯಿಂದ 1ರ ಒಳಗೆ ಮಾತ್ರ. ಅದರ ಹೊರಗೆ ಐದನೆಯ ಘಾತ ಲಂಗುಲಗಾಮಿಲ್ಲದೆ ಓಡುತ್ತದೆ.

ಇದರ ಅತಿ ಪ್ರಸಿದ್ಧ ಉದಾಹರಣೆ ಮೈನ್‌ಕ್ರಾಫ್ಟ್ ಆಟದ ‘ಫಾರ್ ಲ್ಯಾಂಡ್ಸ್’. ಆ ಆಟದ ನೆಲವೂ ಪರ್ಲಿನ್ ನಾಯ್ಸ್‌ನ ಪದರಗಳಿಂದಲೇ ಹುಟ್ಟುತ್ತಿತ್ತು. ಹಳೆಯ ಆವೃತ್ತಿಗಳಲ್ಲಿ ಆಟದ ಕೇಂದ್ರದಿಂದ ಸುಮಾರು 1.25 ಕೋಟಿ ಬ್ಲಾಕ್ ದೂರ ಹೋದರೆ ಗುಡ್ಡಗಳು ಥಟ್ಟನೆ ನಿಂತು, ಬದಲಿಗೆ ತೂತುಗಳಿಂದ ತುಂಬಿದ ಬೃಹತ್ ಗೋಡೆಗಳು ಎದುರಾಗುತ್ತಿದ್ದವು. ಅತಿ ಸಣ್ಣ ಪದರದಲ್ಲಿ ಒಂದು ಬ್ಲಾಕಿಗೆ ಸುಮಾರು 171 ಚೌಕಗಳು ಬರುತ್ತಿದ್ದವು. ಅಷ್ಟು ದೂರದಲ್ಲಿ ಚೌಕದ ಸಂಖ್ಯೆ 32 ಬಿಟ್ ಪೂರ್ಣಾಂಕದ ಮಿತಿಯಾದ 214 ಕೋಟಿಯನ್ನು ದಾಟುತ್ತದೆ. ಪೂರ್ಣಾಂಕ ಅಲ್ಲೇ ಅಂಟಿಕೊಂಡು ನಿಂತರೂ ನಿರ್ದೇಶಾಂಕ ಬೆಳೆಯುತ್ತಲೇ ಹೋಗುತ್ತಿತ್ತು, ಎರಡರ ವ್ಯತ್ಯಾಸ 1ರ ಒಳಗೆ ಉಳಿಯದೆ ನೂರು, ಸಾವಿರ ಆಗಿ, ವಕ್ರದ ಬೆಲೆ ಸಿಡಿದುಹೋಗುತ್ತಿತ್ತು. 2011ರ ಬೀಟಾ 1.8 ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು.

ಸಿಕ್ಕ ಎತ್ತರಗಳನ್ನು ಬಣ್ಣಕ್ಕೋ ಮೀಟರಿಗೋ ಹೊಂದಿಸುವಾಗ ಅವುಗಳ ವ್ಯಾಪ್ತಿ ತಿಳಿದಿರಬೇಕು. ಎರಡು ಆಯಾಮದಲ್ಲಿ ನಾಯ್ಸ್‌ನ ಬೆಲೆ −1ರಿಂದ 1 ಎಂದು ಅನೇಕರು ನಂಬುತ್ತಾರೆ. ನಿಜವಾಗಿ ನಾಲ್ಕು ಬಾಣಗಳೂ ಚೌಕದ ನಡುವಿಗೇ ಮುಖ ಮಾಡಿದಾಗ ಸಿಗುವ 0.707 ಅದರ ತುತ್ತತುದಿ, ಅದೂ ಅಪರೂಪಕ್ಕೆ. ಆರು ಪದರಗಳ ಎತ್ತರಗಳನ್ನು ಕೂಡಿದರೆ ಸುಮಾರು 394 ಮೀಟರ್ ಆಗುತ್ತದಾದರೂ, ಎಲ್ಲ ಪದರಗಳ ಶಿಖರಗಳು ಒಂದೇ ಜಾಗದಲ್ಲಿ ಕೂಡಿಬರುವ ಸಂಭವ ತೀರ ಕಡಿಮೆಯಾದ್ದರಿಂದ ನಕ್ಷೆಯ ಅತಿ ಎತ್ತರದ ಗುಡ್ಡವೂ ಅದಕ್ಕಿಂತ ಬಹಳ ಕೆಳಗೇ ನಿಲ್ಲುತ್ತದೆ. ಪೂರ್ಣ ವ್ಯಾಪ್ತಿಯನ್ನು ನಂಬಿ ಹಿಮದ ಮಟ್ಟವನ್ನು 300 ಮೀಟರಿಗೆ ಇಟ್ಟವರಿಗೆ ಒಂದು ಶಿಖರದಲ್ಲೂ ಹಿಮ ಕಾಣುವುದಿಲ್ಲ. ನಕ್ಷೆಯ ಎತ್ತರಗಳನ್ನು ಎಣಿಸಿ ಒಮ್ಮೆ ಹಿಸ್ಟೋಗ್ರಾಮ್ ಬಿಡಿಸಿ ನೋಡುವುದೇ ಇದಕ್ಕೆ ಸರಿಯಾದ ದಾರಿ.

ಹೀಗೆ ತಯಾರಾದ ನೆಲ ದೂರದಿಂದ ಬೆಟ್ಟಪ್ರದೇಶದಂತೆಯೇ ಕಾಣುತ್ತದೆ, ಆದರೆ ಭೂವಿಜ್ಞಾನ ಬಲ್ಲ ಕಣ್ಣಿಗೆ ಕೃತಕತೆ ಬೇಗ ತಿಳಿಯುತ್ತದೆ. ನಾಯ್ಸ್‌ಗೆ ಮೇಲು ಕೆಳಗು ಎಂಬ ಭೇದವಿಲ್ಲ. ನಕ್ಷೆಯನ್ನು ತಲೆಕೆಳಗು ಮಾಡಿದರೆ ಕಣಿವೆಗಳು ಗುಡ್ಡಗಳಾಗಿ ಅದೇ ಬಗೆಯ ನೆಲ ಸಿಗುತ್ತದೆ. ನಿಜವಾದ ನೆಲದಲ್ಲಿ ನೀರು ಕೊರೆದ ಕಣಿವೆಯ ಆಕಾರವೇ ಬೇರೆ, ಗುಡ್ಡದ ಆಕಾರವೇ ಬೇರೆ. ಎಲ್ಲ ದಿಕ್ಕುಗಳೂ ಅದಕ್ಕೆ ಒಂದೇ ಆದ್ದರಿಂದ, ಕರಾವಳಿಯ ಕಡೆಗೆ ಕಡಿದಾಗಿ ಬಿದ್ದು ಮೂಡಣಕ್ಕೆ ಮೆಲ್ಲಗೆ ಇಳಿಯುವ ಸಹ್ಯಾದ್ರಿಯಂಥ ಅಂಚು ಅದರಿಂದ ತಾನಾಗಿ ಹುಟ್ಟುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ನೀರಿನದು. ನಾಯ್ಸ್‌ನ ನೆಲದ ತುಂಬ ಸುತ್ತಲೂ ಮುಚ್ಚಿಕೊಂಡ ಗುಂಡಿಗಳಿರುತ್ತವೆ. ಮಳೆನೀರು ಹೊಳೆ ಸೇರಿ ನದಿಯಾಗಿ ಕಡಲಿಗೆ ಹೋಗುವ ದಾರಿ ಅಲ್ಲಿಲ್ಲ.

ಇದಕ್ಕೆ ಎರಡು ಬಗೆಯ ತಿದ್ದುಪಡಿಗಳಿವೆ. ಮೊದಲನೆಯದು ಪದರಗಳನ್ನು ಕೂಡಿಸುವ ರೀತಿಯನ್ನೇ ಬದಲಿಸುವುದು. ನಾಯ್ಸ್‌ನ ಚಿಹ್ನೆಯನ್ನು ತೆಗೆದುಹಾಕಿ 1ರಿಂದ ಕಳೆದರೆ ಸೊನ್ನೆಯಿದ್ದ ಕಡೆಯೆಲ್ಲ ಚೂಪಾದ ಏಣುಗಳು ಏಳುತ್ತವೆ, ನೆಲಕ್ಕೆ ಮೇಲು ಕೆಳಗಿನ ವ್ಯತ್ಯಾಸ ಬರುತ್ತದೆ. ಕೆಳಗಿನ ಪದರಗಳ ಎತ್ತರ ಹೆಚ್ಚಿದ್ದ ಕಡೆ ಮಾತ್ರ ಸಣ್ಣ ಪದರಗಳಿಗೆ ಹೆಚ್ಚು ತೂಕ ಕೊಟ್ಟರೆ ಶಿಖರಗಳು ಒರಟಾಗಿಯೂ ಕಣಿವೆಗಳು ನಯವಾಗಿಯೂ ಉಳಿಯುತ್ತವೆ. ಇಂಥ ಬಹುಸ್ವಭಾವದ ನೆಲಗಳನ್ನು ವ್ಯವಸ್ಥಿತವಾಗಿ ಬೆಳೆಸಿದವರು ಎಫ್. ಕೆಂಟನ್ ಮಸ್ಗ್ರೇವ್. ಅವರು ತಮ್ಮ ಸಹೋದ್ಯೋಗಿಗಳೊಡನೆ 1989ರಲ್ಲಿ ಪ್ರಕಟಿಸಿದ ಪ್ರಬಂಧ ಎರಡನೆಯ ಬಗೆಯ ತಿದ್ದುಪಡಿಯನ್ನೂ ಕೈಗೆತ್ತಿಕೊಂಡಿತು. ಅದರಲ್ಲಿ ನಾಯ್ಸ್‌ನಿಂದ ಬಂದ ನೆಲದ ಮೇಲೆ ಮಳೆ ಸುರಿದಂತೆ ಲೆಕ್ಕ ಹಾಕಿ, ಪ್ರತಿ ಬಿಂದುವಿನಿಂದ ತಗ್ಗಿನ ನೆರೆಯ ಬಿಂದುವಿಗೆ ನೀರನ್ನೂ ಅದರೊಡನೆ ಒಂದಿಷ್ಟು ಮಣ್ಣನ್ನೂ ಸಾಗಿಸುತ್ತಾರೆ. ಕಡಿದಾದ ಕಡೆ ಮಣ್ಣು ಕೊರೆದುಹೋಗುತ್ತದೆ, ನೀರು ನಿಧಾನವಾದ ಕಡೆ ಮೇಟು ಕಟ್ಟುತ್ತದೆ. ಈ ಲೆಕ್ಕಕ್ಕೆ ಅಕ್ಕಪಕ್ಕದ ಬಿಂದುಗಳೆಲ್ಲ ಒಟ್ಟಿಗೆ ಬೇಕು. ಹಾಗಾಗಿ ಕೇಳಿದ ಒಂದೇ ಜಾಗದ ಎತ್ತರವನ್ನು ಕೇಳಿದ ಕೂಡಲೇ ಹೇಳುವ ನಾಯ್ಸ್‌ನ ಅನುಕೂಲ ಇಲ್ಲಿ ಕೈತಪ್ಪುತ್ತದೆ. ಆಟಗಾರನ ಮುಂದೆ ಕೊನೆಯಿಲ್ಲದೆ ಹರಡುತ್ತ ಹೋಗಬೇಕಾದ ಲೋಕಗಳು ಈ ಕಾರಣದಿಂದಲೇ ನಾಯ್ಸ್‌ನ ಪದರಗಳನ್ನು ನೆಚ್ಚಿಕೊಂಡಿವೆ. ಗಡಿ ಗೊತ್ತಿರುವ, ಮೊದಲೇ ತಯಾರಿಸಿಡಬಹುದಾದ ನಕ್ಷೆಗಳಿಗೆ ನಾಯ್ಸ್ ಹಾಕಿಕೊಟ್ಟ ನೆಲದ ಮೇಲೆ ಸವಕಳಿಯ ಲೆಕ್ಕವನ್ನೂ ಓಡಿಸುತ್ತಾರೆ.